ಮೇ ತಿಂಗಳ ಬಿಸಿಲು, ಡಿಸೆಂಬರ್ ಬುಕಿಂಗ್

ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಪ್ರವಾಸಿಗರು ಬರುವ ಹಂಗಾಮು ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ. ಏಪ್ರಿಲ್, ಮೇ ಬಂತೆಂದರೆ ಬಿಸಿಲು 40 ಡಿಗ್ರಿಯ ಆಸುಪಾಸು. ಹೋಮ್‌ಸ್ಟೇಯವರು ಗೋಡೆಗೆ ಸುಣ್ಣ ಹೊಡೆಸಿ, ಚಾದರ ಒಗೆಸಿ, ಇನ್‌ಸ್ಟಾಗ್ರಾಂ ಕಡೆ ತಲೆಹಾಕುವುದನ್ನೇ ಬಿಡುತ್ತಾರೆ. ಯುರೋಪಿನ ಎಷ್ಟೋ ಮಂದಿ ಕ್ರಿಸ್‌ಮಸ್ ರಜೆಗೆ ಎಲ್ಲಿಗೆ ಹೋಗಬೇಕೆಂದು ಹುಡುಕುವುದು ಹೆಚ್ಚುಕಡಿಮೆ ಇದೇ ಹೊತ್ತಿನಿಂದ. ಬೆಂಗಳೂರಿನವರದು ಬೇರೆ ಲೆಕ್ಕ: ಗುರುವಾರ ಮಳೆಯ ಸುದ್ದಿ ನೋಡಿ, ಶುಕ್ರವಾರ ರಾತ್ರಿ ಕಾರು ಹತ್ತುತ್ತಾರೆ.

ರನ್ನ ಬೆಳಗಲಿಯ ಆಚೆ, ಕಬ್ಬಿನ ಹೊಲದ ಮನೆಯಲ್ಲಿ ಎರಡು ಕೋಣೆ ಬಾಡಿಗೆಗೆ ಕೊಡುವವರೊಬ್ಬರು ಇದ್ದಾರೆ ಎನ್ನೋಣ. ಕವಿ ರನ್ನನ ಊರು, ಪಕ್ಕದಲ್ಲಿ ಮುಧೋಳ ನಾಯಿಯ ನಾಡು, ಚಳಿಗಾಲಕ್ಕೆ ಬೆಲ್ಲದ ಗಾಣ. ತೋರಿಸಲು ಸರಕಿದೆ, ಆದರೆ ಗಾಣ ವರ್ಷವಿಡೀ ನಡೆಯದು. ಹಾಗಾಗಿ ಡಿಸೆಂಬರ್‌ನಲ್ಲೇ ಚಿತ್ರೀಕರಿಸಿ ಇಟ್ಟುಕೊಳ್ಳಬೇಕು: ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುವುದು, ನೊರೆ ತೆಗೆಯುವುದು, ಪಾಕ ಗಟ್ಟಿಯಾಗುವುದು. ಒಂದೇ ದಿನದ ಗಾಣದಿಂದ ಅರ್ಧ ನಿಮಿಷದ ಹತ್ತು ತುಣುಕು ಸುಲಭವಾಗಿ ಸಿಗುತ್ತವೆ.

ಜೂನ್‌ನಲ್ಲಿ ವಾರಕ್ಕೊಂದು ತುಣುಕು ಹೊರಬರಲಿ, ಇಂಗ್ಲಿಷ್ ವಿವರಣೆಯೊಂದಿಗೆ. ಜರ್ಮನಿಯಲ್ಲಿ ಆಗ ಸಂಜೆ ಏಳೂವರೆ ಎಂದರೆ ನಮ್ಮಲ್ಲಿ ರಾತ್ರಿ ಹನ್ನೊಂದು. ನಿದ್ದೆಗೆಡಬೇಕಿಲ್ಲ, ವೃತ್ತಿಪರ ಖಾತೆಯಲ್ಲಿ ಮುಂಚಿತವಾಗಿ ಸಮಯ ನಿಗದಿ ಮಾಡಿಡಬಹುದು. ‘ಇದು ಡಿಸೆಂಬರ್‌ನ ಚಿತ್ರ’ ಎಂದು ಮಾತ್ರ ಬರೆಯಲೇಬೇಕು. ಬರೆಯದಿದ್ದರೆ ಜುಲೈನಲ್ಲಿ ಬಂದ ಅತಿಥಿ ಗಾಣ ಎಲ್ಲಿ ಎಂದು ಕೇಳುತ್ತಾನೆ, ಊರಿಗೆ ಹೋಗಿ ಒಂದು ಸ್ಟಾರ್ ಕೊಡುತ್ತಾನೆ.

ಕನ್ನಡಿಗರಿಗೆ ಹಳೆಯ ಚಿತ್ರ ಬೇಡ. ಅವರು ಕೇಳುವುದು ಇವತ್ತಿನದು. ಬಾದಾಮಿಯಲ್ಲಿ ಜೋರು ಮಳೆಯಾದರೆ ಅಗಸ್ತ್ಯತೀರ್ಥದ ಮೇಲಿನ ಬಂಡೆಯಿಂದ ಅಕ್ಕ-ತಂಗಿ ಜಲಪಾತ ಇಳಿಯುತ್ತದೆ, ಮಳೆ ನಿಂತರೆ ಬೇಗನೆ ಬತ್ತುತ್ತದೆ. ಅಲ್ಲಿ ಇವತ್ತು ನೀರಿದೆಯೇ, ರಸ್ತೆ ಹೇಗಿದೆ ಎಂದು ಮೊಬೈಲಿನಲ್ಲಿ ಹಿಡಿದ ಅಲುಗಾಡುವ ವಿಡಿಯೊ, ಜೊತೆಗೆ ಕನ್ನಡದಲ್ಲಿ ಎರಡು ಸಾಲು. ನುರಿತ ಛಾಯಾಗ್ರಾಹಕರ ಚಿತ್ರಕ್ಕಿಂತ ಇದಕ್ಕೇ ಫೋನು ಹೆಚ್ಚು ಬರುವುದು.

ಕೆಲಸ ಕೆಡುವುದು ಸಾಮಾನ್ಯವಾಗಿ ಬುಕಿಂಗ್ ಪುಟದಲ್ಲಿ. ರಿಪೇರಿಗೆಂದು ಏರ್‌ಬಿಎನ್‌ಬಿಯಲ್ಲಿ ಮನೆಯನ್ನು ‘ಸ್ನೂಜ್’ ಮಾಡಿದರೆ ಅಷ್ಟು ದಿನ ಅದು ಹುಡುಕಾಟದಲ್ಲೇ ಕಾಣಿಸದು. ಆಗ ಡಿಸೆಂಬರ್‌ಗಾಗಿ ಹುಡುಕುವವನ ಕಣ್ಣಿಗೂ ಬೀಳದು. ಬದಲಿಗೆ ಮೇ ತಿಂಗಳ ತಾರೀಖುಗಳನ್ನಷ್ಟೇ ಕ್ಯಾಲೆಂಡರ್‌ನಲ್ಲಿ ಮುಚ್ಚಿದರೆ ಮುಂದಿನ ತಿಂಗಳುಗಳು ತೆರೆದೇ ಇರುತ್ತವೆ. ಗೂಗಲ್ ನಕ್ಷೆಯಲ್ಲಿ ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂದು ಹಾಕಿ, ತೆರೆದ ಮೇಲೆ ತೆಗೆಯಲು ಮರೆಯುವುದೂ ಉಂಟು.

ಫಲ ಅಳೆಯಲು ಲೈಕ್ ನೆಚ್ಚಬಾರದು. ಊರಿನ ನೆಂಟರೂ ಲೈಕ್ ಒತ್ತುತ್ತಾರೆ. ಎಷ್ಟು ಮಂದಿ ವಿಡಿಯೊ ಸೇವ್ ಮಾಡಿದರು, ಯಾವ ಊರಿನವರು ದರ ಕೇಳಿದರು ಎಂಬುದು ನೋಡಬೇಕಾದ ಲೆಕ್ಕ. ಅದಕ್ಕೊಂದು ನೋಟ್‌ಬುಕ್ ಸಾಕು: ಕೇಳಿದ ತಾರೀಖು, ಬರುವ ತಾರೀಖು, ‘ನಮ್ಮನ್ನು ಎಲ್ಲಿ ನೋಡಿದಿರಿ?’ ಎಂಬುದಕ್ಕೆ ಅವರ ಉತ್ತರ. ಒಂದು ವರ್ಷ ಬರೆದಿಟ್ಟರೆ ಇಂಗ್ಲಿಷ್ ವಿಡಿಯೊ ಮೇನಲ್ಲಿ ಶುರುವಾಗಬೇಕೋ ಜುಲೈನಲ್ಲೋ ಎಂಬುದು ಆ ಎರಡು ತಾರೀಖುಗಳ ನಡುವಿನ ಅಂತರದಲ್ಲೇ ಸಿಗುತ್ತದೆ.