‘ಡಿಎಂ ಮಾಡಿ’ಯಿಂದ ‘ನಂಬರ್ ಸೇವ್ ಮಾಡ್ಕೊಳ್ರಿ’ವರೆಗೆ

ಇನ್‌ಸ್ಟಾಗ್ರಾಂ 2010ರಲ್ಲಿ ಶುರುವಾದಾಗ ಅದು ಫೋಟೊ ಹಂಚಿಕೊಳ್ಳುವ ಜಾಗವಾಗಿತ್ತು, ಅಂಗಡಿಯಲ್ಲ. ಖಾಸಗಿ ಸಂದೇಶದ ಸೌಲಭ್ಯ ಬಂದದ್ದೇ 2013ರ ಡಿಸೆಂಬರ್‌ನಲ್ಲಿ. ಸೀರೆ, ಒಡವೆ ಮಾರುವವರು ಅಲ್ಲಿಗೆ ಬಂದ ಮೇಲೆ ‘ಬೆಲೆಗೆ ಡಿಎಂ ಮಾಡಿ’ ಎಂಬ ರೂಢಿ ಬೆಳೆಯಿತು. 2018ರ ಜನವರಿಯಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ ಬಂದು, ಪ್ರತಿ ಮಾತುಕತೆಗೂ ‘ಹೊಸ ಗ್ರಾಹಕ’, ‘ಹಣ ಬಾಕಿ’ ಎಂಬಂಥ ಲೇಬಲ್ ಅಂಟಿಸುವ ಅನುಕೂಲ ಕೊಟ್ಟಿತು. ಸಣ್ಣ ವ್ಯಾಪಾರಿಗೆ ನಿಜವಾಗಿ ದಕ್ಕಿದ್ದು ಈ ಎರಡನೆಯದು. ಬಂದ ಗಿರಾಕಿ ಮತ್ತೆ ಬರುವುದು ಥಟ್ಟನೆ ಉತ್ತರ ಸಿಕ್ಕಿತೆಂದಲ್ಲ, ಕಳೆದ ಸಲ ಆಡಿದ ಮಾತು ಅಂಗಡಿಯವರಿಗೆ ನೆನಪಿದೆ ಎಂದು.

ಇಳಕಲ್ ಸೀರೆ ಮಾರುವ ಒಂದು ಪುಟವನ್ನು ಊಹಿಸಿಕೊಳ್ಳಿ. ‘ಅಕ್ಕಾರ, ಇದರ ರೇಟ್ ಎಷ್ಟ್ರಿ?’ ಎಂಬ ಕಾಮೆಂಟಿಗೆ ಬೆಲೆಯನ್ನು ಎಲ್ಲರೆದುರೇ ಹೇಳಿಬಿಡಬೇಕು. ಅದೇ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡ ಉಳಿದವರಿಗೂ ಉತ್ತರ ಸಿಕ್ಕಂತಾಗುತ್ತದೆ. ಆಮೇಲೆ ಡಿಎಂನಲ್ಲಿ ಕೇಳಬೇಕಾದ್ದು ಬೇರೆ: ‘ಉಡೋರು ನೀವೋ, ಅಮ್ಮಾರಿಗೆ ಕೊಡೋದೋ?’ ಅಮ್ಮನಿಗೆ ಎಂದರೆ ಒಡಲು ಹತ್ತಿಯದೇ ಬೇಕೇ, ಗೋಮಿ ದಡಿಯೋ ಗಾಡಿ ದಡಿಯೋ ಎಂದು ಮಾತು ಮುಂದುವರಿಯುತ್ತದೆ. ಪರದೆಯ ಮೇಲೆ ಬಣ್ಣ ತುಸು ಬೇರೆಯಾಗಿ ಕಾಣುವುದರಿಂದ, ಹಗಲು ಬೆಳಕಿನಲ್ಲಿ ತೆಗೆದ ಫೋಟೊ ಕಳಿಸಿಯೇ ಹಣ ಪಡೆಯಬೇಕು. ಸೀರೆ ತಲುಪಿದ ಮೇಲೆ ‘ಬಣ್ಣ ಒಪ್ಪಿಗೆ ಆತೇನ್ರಿ?’ ಎಂದು ವಿಚಾರಿಸಿ, ಬಂದ ಉತ್ತರವನ್ನು ‘ತಾಯಿಗೆ, ಹತ್ತಿ, ಗಾಢ ಬಣ್ಣ ಬೇಡ’ ಎಂದು ಬರೆದಿಟ್ಟುಕೊಂಡರೆ, ಮುಂದಿನ ದೀಪಾವಳಿಗೆ ಆ ಮನೆಗೆ ಯಾವ ಸೀರೆ ತೋರಿಸಬೇಕೆಂಬುದು ಈಗಲೇ ತೀರ್ಮಾನವಾದಂತೆ.

ಕೆಲಸ ಕೆಡುವುದು ಈ ಟಿಪ್ಪಣಿ ಬಿಟ್ಟು ಎಲ್ಲರಿಗೂ ಒಂದೇ ಸಂದೇಶ ತಳ್ಳಿದಾಗ. ವಾಟ್ಸ್ಆ್ಯಪ್‌ನ ಸಾಮಾನ್ಯ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗಷ್ಟೇ ಜಾಗ. ಅದರಲ್ಲೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಹಿಂಬಾಲಕರು ಹತ್ತು ಸಾವಿರವಿದ್ದರೂ ನಂಬರ್ ಉಳಿಸಿಕೊಂಡವರು ನೂರೇ ಆದರೆ, ನಿಮ್ಮ ಹೊಸ ಸರಕಿನ ಸುದ್ದಿ ಆ ನೂರು ಮನೆಗಳಿಗೇ ಹೋಗುವುದು. ಅವರೂ ಬ್ಲಾಕ್ ಮಾಡತೊಡಗಿದರೆ ಬೇಡದ ಸಂದೇಶ ಹೆಚ್ಚಾಗಿದೆ ಎಂದೇ ಅರ್ಥ.

ಹೀಗೆ ಒಬ್ಬೊಬ್ಬರೊಡನೆ ಮಾತಾಡುತ್ತ ಕೂತರೆ ವ್ಯಾಪಾರ ಬೆಳೆಯುವುದು ಯಾವಾಗ ಎಂದು ಕೇಳಬಹುದು. ಕೊರಿಯರ್ ವಿವರ, ಮಡಿಸುವ, ಒಗೆಯುವ ಸೂಚನೆಗಳಿಗೆ ಸಿದ್ಧ ಉತ್ತರ ಸಾಕು. ದೂರು ಮತ್ತು ಆಯ್ಕೆಯ ವಿಚಾರಕ್ಕೆ ಮಾತ್ರ ಮನುಷ್ಯರೇ ಬೇಕು. ಗಿರಾಕಿಯ ಮನೆ ವಿಷಯ ಬರೆದಿಡುವುದು ಸರಿಯೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅವರೇ ಹೇಳಿದ್ದನ್ನು, ಸೀರೆ ಆರಿಸಲು ಬೇಕಾದಷ್ಟನ್ನು ಮಾತ್ರ ಬರೆದುಕೊಳ್ಳಬೇಕು, ಬೇರೆಯವರಿಗೆ ಕೊಡಬಾರದು. ಇನ್ನು ಬೆಲೆ ಮುಚ್ಚಿಡುವ ರೂಢಿಗೆ ಸಮರ್ಥನೆಯೇ ಇಲ್ಲ: 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕೆನ್ನುತ್ತವೆ. ಬೆಲೆ ಕಾಮೆಂಟಿನಲ್ಲೇ ಇರಲಿ. ಡಿಎಂ ಇರುವುದು ಯಾರಿಗೆ ಏನು ಬೇಕೆಂದು ಕೇಳಿ ತಿಳಿಯುವುದಕ್ಕೆ.