ಶ್ರಾವಣದ ಪಾಲೆಷ್ಟು, ಜಾಹೀರಾತಿನ ಪಾಲೆಷ್ಟು?

ಆಷಾಢದಲ್ಲಿ ಸೀರೆ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂತವರಿಗೆ ಹೊತ್ತೇ ಹೋಗುವುದಿಲ್ಲ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಬಂದವರೂ ರೇಟು ಕೇಳಿ ಹೊರಡುತ್ತಾರೆ. ದಾವಣಗೆರೆಯ ಅಂಥದ್ದೊಂದು ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ವ್ಯಾಪಾರ ತೀರಾ ಬಿದ್ದಿದೆ ಎಂದು ಮಾಲೀಕರು ಒಂದು ಲಕ್ಷ ರೂಪಾಯಿ ತೆಗೆದಿಟ್ಟು, ಶ್ರಾವಣದ ಮೊದಲ ದಿನದಿಂದ ನಾಲ್ಕು ವಾರ ಜಾಹೀರಾತು ಕೊಡುತ್ತಾರೆ. ಆಟೋಗಳ ಹಿಂದೆ ಪೋಸ್ಟರ್, ಕೇಬಲ್ ಚಾನೆಲ್‌ನಲ್ಲಿ ಓಡುವ ಸಾಲು, ಬೆಳಗಿನ ಪೇಪರಿನೊಳಗೆ ಕರಪತ್ರ, ಪಿ.ಬಿ. ರಸ್ತೆಯಲ್ಲಿ ಎರಡು ಫ್ಲೆಕ್ಸ್. ಆಷಾಢದಲ್ಲಿ ವಾರಕ್ಕೆ 300 ಬಿಲ್ ಆಗುತ್ತಿದ್ದ ಅಂಗಡಿಯಲ್ಲಿ ಈಗ 420 ಬಿಲ್. ಲೆಕ್ಕ ಸುಲಭವಾಗಲಿ ಎಂದು ಈ ಅಂಕಿಗಳನ್ನು ನಾನೇ ಇಟ್ಟಿದ್ದೇನೆ, ಆದರೆ ಇಂಥ ಕಥೆ ಪ್ರತಿ ವರ್ಷ ಎಷ್ಟೋ ಅಂಗಡಿಗಳಲ್ಲಿ ನಡೆಯುತ್ತದೆ.

ಮಾಲೀಕರ ಲೆಕ್ಕ ಹೀಗೆ ಓಡುತ್ತದೆ. ವಾರಕ್ಕೆ 120 ಬಿಲ್ ಹೆಚ್ಚು, ನಾಲ್ಕು ವಾರಕ್ಕೆ 480. ಒಂದು ಬಿಲ್ಲಿಗೆ ಖರ್ಚು ಕಳೆದು 400 ರೂಪಾಯಿ ಉಳಿದರೆ 1,92,000 ರೂಪಾಯಿ. ಹಾಕಿದ್ದು ಒಂದು ಲಕ್ಷ, ಲಾಭ 92,000. ಮುಂದಿನ ವರ್ಷ ಎರಡು ಲಕ್ಷ ಹಾಕೋಣ!

ಅಲ್ಲೇ ಎಡವಟ್ಟಾಗುತ್ತದೆ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ ಹಬ್ಬ ಬರುತ್ತದೆ, ಮದುವೆ ಮುಹೂರ್ತಗಳು ತೆರೆದುಕೊಳ್ಳುತ್ತವೆ. ಫ್ಲೆಕ್ಸ್ ಕಟ್ಟಲಿ ಬಿಡಲಿ, ಸೀರೆ ವ್ಯಾಪಾರ ಏರಿಯೇ ಏರುತ್ತದೆ. ಅದರಲ್ಲೂ ವ್ಯಾಪಾರ ತೀರಾ ಕೆಳಗಿಳಿದಾಗಲೇ ನಾವು ಜಾಹೀರಾತಿಗೆ ಕೈಹಾಕುವುದು. ತಳ ಮುಟ್ಟಿದ್ದು ತಾನಾಗಿಯೇ ಸ್ವಲ್ಪ ಮೇಲೆ ಬರುತ್ತದೆ, ಆ ಏರಿಕೆಯನ್ನೂ ಜಾಹೀರಾತಿನ ಖಾತೆಗೆ ಬರೆದುಬಿಡುತ್ತೇವೆ. ಹಾಗಾಗಿ ಕೇಳಬೇಕಾದದ್ದು ‘ಮೊದಲಿಗಿಂತ ಎಷ್ಟು ಹೆಚ್ಚಾಯಿತು’ ಎಂದಲ್ಲ. ‘ಜಾಹೀರಾತು ಕೊಡದೇ ಇದ್ದಿದ್ದರೆ ಎಷ್ಟಾಗುತ್ತಿತ್ತು’ ಎಂದು. ಆ ಎರಡನೆಯ ಸಂಖ್ಯೆ ಯಾವ ಬಿಲ್ ಪುಸ್ತಕದಲ್ಲೂ ಸಿಗುವುದಿಲ್ಲ. ಅದನ್ನು ಬೇರೆ ಕಡೆಯಿಂದ ಅಂದಾಜು ಮಾಡಬೇಕು.

ಹೋದ ವರ್ಷದ ಇದೇ ತಿಂಗಳನ್ನು ನೋಡಿದರೆ ಸಾಲದೇ ಎನ್ನಬಹುದು. ನಮ್ಮ ಹಬ್ಬಗಳು ಇಂಗ್ಲಿಷ್ ಕ್ಯಾಲೆಂಡರ್ ಪ್ರಕಾರ ನಡೆಯುವುದಿಲ್ಲವಲ್ಲ! 2023ರಲ್ಲಿ ಅಧಿಕ ಶ್ರಾವಣ ಬಂದು, ನಿಜ ಶ್ರಾವಣ ಶುರುವಾಗಿದ್ದು ಆಗಸ್ಟ್ 17ಕ್ಕೆ. 2024ರಲ್ಲಿ ಅದು ಆಗಸ್ಟ್ 5ಕ್ಕೇ ಬಂತು. ಆ ಎರಡು ಆಗಸ್ಟ್‌ಗಳನ್ನು ಅಕ್ಕಪಕ್ಕ ಇಟ್ಟರೆ ಒಂದರಲ್ಲಿ ಅರ್ಧ ತಿಂಗಳು ಮಂಕು ವ್ಯಾಪಾರ, ಇನ್ನೊಂದರಲ್ಲಿ ಬಹುಪಾಲು ಹಬ್ಬದ ವ್ಯಾಪಾರ. ಹೋಲಿಸುವುದಾದರೆ ಪಂಚಾಂಗ ಹಿಡಿದು ಹಬ್ಬದ ವಾರಕ್ಕೆ ಹಬ್ಬದ ವಾರವನ್ನೇ ಹೋಲಿಸಬೇಕು. ಹಾಗೆ ಮಾಡಿದರೂ ಆ ವರ್ಷದ ಮಳೆ, ಬೆಳೆ, ರೇಷ್ಮೆ ದರ ಬೇರೆಯಾಗಿರುತ್ತವೆ.

ಇದಕ್ಕೆ ಒಳ್ಳೆಯ ದಾರಿ ಇನ್ನೊಂದು ಊರು. ನಮ್ಮ ಮಾಲೀಕರಿಗೆ ಚಿತ್ರದುರ್ಗದಲ್ಲೂ ಒಂದು ಅಂಗಡಿ ಇದೆ ಎಂದುಕೊಳ್ಳೋಣ. ಅಲ್ಲಿ ಜಾಹೀರಾತು ಕೊಟ್ಟಿಲ್ಲ. ಅಲ್ಲಿಯೂ ಅದೇ ಆಷಾಢ, ಅದೇ ಶ್ರಾವಣ, ಅದೇ ಮಳೆಗಾಲ. ಅಲ್ಲಿ ವಾರಕ್ಕೆ 200 ಇದ್ದ ಬಿಲ್ 250ಕ್ಕೆ ಏರಿದೆ, ಅಂದರೆ ಶೇಕಡಾ 25 ಹೆಚ್ಚು. ದಾವಣಗೆರೆಯೂ ಇದೇ ಪ್ರಮಾಣದಲ್ಲಿ ಏರಿದ್ದರೆ 300 ಬಿಲ್ 375 ಆಗುತ್ತಿತ್ತು. ಆಗಿದ್ದು 420. ಜಾಹೀರಾತಿನ ಪಾಲು ವಾರಕ್ಕೆ 45 ಬಿಲ್, ಶೇಕಡಾ 12. ಎರಡು ಅಂಗಡಿಗಳ ಗಾತ್ರ ಬೇರೆಯಾದ್ದರಿಂದ ಇಲ್ಲಿ ‘ಅಲ್ಲಿ 50 ಏರಿತು, ಇಲ್ಲಿ 120 ಏರಿತು’ ಎಂದು ನೇರವಾಗಿ ಕಳೆಯಬಾರದು, ಪ್ರಮಾಣವನ್ನೇ ನೋಡಬೇಕು.

ಈಗ ಲಾಭ ಲೆಕ್ಕ ಹಾಕಿ. ನಾಲ್ಕು ವಾರಕ್ಕೆ 180 ಬಿಲ್, ತಲಾ 400ರಂತೆ 72,000 ರೂಪಾಯಿ. ಖರ್ಚು ಒಂದು ಲಕ್ಷ. ಅದೇ ಜಾಹೀರಾತು, ಅದೇ ಬಿಲ್ ಪುಸ್ತಕ. ಆದರೆ 92,000 ಲಾಭ ಎಂದುಕೊಂಡದ್ದು 28,000 ನಷ್ಟವಾಯಿತು.

ಅರ್ಥಶಾಸ್ತ್ರಜ್ಞರು ಇದನ್ನು ವ್ಯತ್ಯಾಸಗಳ ನಡುವಣ ವ್ಯತ್ಯಾಸ ಎನ್ನುತ್ತಾರೆ. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಇದರಿಂದ ಕೆಲಸಗಳು ಕಡಿಮೆಯಾದವೇ ಎಂದು ತಿಳಿಯಲು ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್, ಕೂಲಿ ಏರಿಸದ ಪಕ್ಕದ ಪೆನ್ಸಿಲ್ವೇನಿಯಾದ ಪೂರ್ವ ಭಾಗದ ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಕೆಗೆ ಇಟ್ಟುಕೊಂಡರು. ಎರಡೂ ಕಡೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಈ ಬಗೆಯ ಅಧ್ಯಯನಗಳಿಗಾಗಿ ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಹೋಲಿಕೆಯ ಊರು ಯಾವುದಾದರೂ ಆದೀತು ಎನ್ನುವಂತಿಲ್ಲ. ಇಡೀ ಲೆಕ್ಕ ನಿಂತಿರುವುದೇ ಅದರ ಮೇಲೆ. ಚಿತ್ರದುರ್ಗದ ಬದಲು ಹರಿಹರವನ್ನು ಹಿಡಿದರೆ ಕೆಟ್ಟಿತು. ಹರಿಹರ ಹತ್ತಿರದಲ್ಲೇ ಇದೆ, ಅಲ್ಲಿಯ ಜನ ದಿನವೂ ದಾವಣಗೆರೆಗೆ ಓಡಾಡುತ್ತಾರೆ, ಫ್ಲೆಕ್ಸ್ ಅವರ ಕಣ್ಣಿಗೂ ಬೀಳುತ್ತದೆ. ಅಲ್ಲಿನ ಗಿರಾಕಿ ಜಾಹೀರಾತು ನೋಡಿ ದಾವಣಗೆರೆಯಲ್ಲೇ ಸೀರೆ ಕೊಂಡರೆ ಹರಿಹರದ ಬಿಲ್ ಕಡಿಮೆಯಾಗುತ್ತದೆ, ದಾವಣಗೆರೆಯದು ಹೆಚ್ಚಾಗುತ್ತದೆ. ಒಂದೇ ಗಿರಾಕಿಯನ್ನು ಎರಡು ಸಲ ಎಣಿಸಿದ ಹಾಗಾಯಿತು. ಅದೇ ನಾಲ್ಕು ವಾರದಲ್ಲಿ ಚಿತ್ರದುರ್ಗದ ಅಂಗಡಿ ಮುಂದೆ ಒಳಚರಂಡಿಗೆಂದು ರಸ್ತೆ ಅಗೆದಿದ್ದರೂ ಅಷ್ಟೇ. ಅಲ್ಲಿಯ ವ್ಯಾಪಾರ ಕುಗ್ಗಿರುತ್ತದೆ, ಇಲ್ಲಿಯ ಜಾಹೀರಾತು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ದಾವಣಗೆರೆಯಲ್ಲಿ ಮಾತ್ರ ಹೊಸ ಡಿಸೈನ್ ತರಿಸಿದ್ದರೆ, ಡಿಸ್ಕೌಂಟ್ ಹಾಕಿದ್ದರೆ, ಅದು ಜಾಹೀರಾತಿನ ಜೊತೆ ಬೆರೆತುಹೋಗುತ್ತದೆ. ಆಮೇಲೆ ಯಾವ ಲೆಕ್ಕಿಗನೂ ಎರಡನ್ನೂ ಬಿಡಿಸಲಾರ.

ಊರು ಸರಿಯಾದ ಜೋಡಿಯೇ ಎಂದು ತಿಳಿಯುವುದು ಹೇಗೆ? ಹಳೆಯ ಬಿಲ್ ಪುಸ್ತಕಗಳನ್ನು ತೆಗೆಯಿರಿ. ಜಾಹೀರಾತೇ ಇಲ್ಲದ ಹಿಂದಿನ ಮೂರು ವರ್ಷಗಳ ಆಷಾಢ-ಶ್ರಾವಣಕ್ಕೂ ಇದೇ ಲೆಕ್ಕ ಹಾಕಿ. ಆಗ ಉತ್ತರ ಸೊನ್ನೆಯ ಆಸುಪಾಸು ಬರಬೇಕು. ನಮ್ಮ ಉದಾಹರಣೆಯಲ್ಲಿ ಒಂದು ವರ್ಷ ದಾವಣಗೆರೆ ಶೇಕಡಾ 3 ಹಿಂದೆ, ಒಂದು ವರ್ಷ 2 ಮುಂದೆ, ಮತ್ತೊಂದು ವರ್ಷ 4 ಮುಂದೆ ಇತ್ತು ಎಂದುಕೊಳ್ಳಿ. ಏನೂ ಮಾಡದಿದ್ದಾಗಲೂ ಇಷ್ಟು ಏರುಪೇರು ಇದ್ದದ್ದೇ. ಅದರ ಎದುರು 12 ಎದ್ದು ಕಾಣುತ್ತದೆ, ಜಾಹೀರಾತು ಕೆಲಸವನ್ನಂತೂ ಮಾಡಿದೆ. ಬದಲಿಗೆ ಹಿಂದಿನ ವರ್ಷಗಳಲ್ಲೂ 10, 11 ಎಂದು ಬಂದಿದ್ದರೆ ದಾವಣಗೆರೆಯ ಶ್ರಾವಣವೇ ಜೋರು ಎಂದರ್ಥ, ಆಗ ಚಿತ್ರದುರ್ಗ ಜೋಡಿಯಾಗುವುದಿಲ್ಲ.

ಈ ಏರುಪೇರು ತೀರ್ಮಾನಕ್ಕೂ ಬೇಕು. ಹಾಕಿದ ಲಕ್ಷ ವಾಪಸಾಗಲು 250 ಬಿಲ್ ಹೆಚ್ಚಬೇಕಿತ್ತು, ಅಂದರೆ ಸುಮಾರು ಶೇಕಡಾ 17. ಅದೃಷ್ಟ ಕೈಕೊಟ್ಟು ನಮಗೆ 4 ಕಡಿಮೆ ಕಂಡಿದೆ ಎಂದುಕೊಂಡರೂ 12 ಹೋಗಿ 16 ಆಗುತ್ತದೆ, ಆಗಲೂ ಅಸಲು ಪೂರ್ತಿ ಬರುವುದಿಲ್ಲ. ಮೂರೇ ವರ್ಷದ ಪುಸ್ತಕದಿಂದ ಇದಕ್ಕಿಂತ ಖಚಿತವಾಗಿ ಹೇಳಲು ಹೋಗಬಾರದು.

ನಾಲ್ಕು ವಾರ ಮುಗಿದ ಕೂಡಲೇ ಪುಸ್ತಕ ಮುಚ್ಚುವುದೂ ತಪ್ಪು. ಶ್ರಾವಣ ಮುಗಿಯುತ್ತಲೇ ಗೌರಿ-ಗಣೇಶ. ಗೌರಿಗೆಂದು ಕೊಳ್ಳಬೇಕಿದ್ದ ಸೀರೆಯನ್ನು ಜಾಹೀರಾತು ನೋಡಿ ಎರಡು ವಾರ ಮೊದಲೇ ಕೊಂಡಿದ್ದರೆ, ಅದು ಹೊಸ ವ್ಯಾಪಾರವಲ್ಲ, ಮುಂದಿನ ವ್ಯಾಪಾರ ಹಿಂದಕ್ಕೆ ಬಂದಿದೆ ಅಷ್ಟೆ. ಗಣೇಶನ ವಾರದಲ್ಲಿ ದಾವಣಗೆರೆ ಚಿತ್ರದುರ್ಗಕ್ಕಿಂತ ಹಿಂದೆ ಬಿದ್ದರೆ ಆ 45 ಬಿಲ್ಲಿನಿಂದಲೂ ಕಳೆಯಬೇಕು. ಮೊದಲ ಸಲ ಬಂದ ಗಿರಾಕಿಗಳು ದೀಪಾವಳಿಗೂ ಬಂದರೆ ಕೂಡಿಸಬೇಕು. ಬಿಲ್ಲಿನಲ್ಲಿ ಫೋನ್ ನಂಬರ್ ಬರೆಸಿಕೊಳ್ಳುವ ಅಂಗಡಿಗೆ ಇದು ಕಷ್ಟವೇನಲ್ಲ.

ಬರುವ ಶ್ರಾವಣಕ್ಕೆ ಜಾಹೀರಾತು ಕೊಡುವವರು ಫ್ಲೆಕ್ಸ್ ಪ್ರಿಂಟಿಗೆ ಕೊಡುವ ಮೊದಲೇ ಒಂದು ಹಾಳೆಯಲ್ಲಿ ಮೂರು ವಿಷಯ ಬರೆದು ದಿನಾಂಕ ಹಾಕಿಡಿ: ಹೋಲಿಕೆಗೆ ಯಾವ ಊರು, ಯಾವ ವಾರಗಳು, ಎಷ್ಟು ಬಿಲ್ ಹೆಚ್ಚಾದರೆ ಅಸಲು ಬರುತ್ತದೆ. ವ್ಯಾಪಾರ ಮುಗಿದ ಮೇಲೆ ಊರು ಆರಿಸಲು ಕೂತರೆ ನಮಗೆ ಬೇಕಾದ ಉತ್ತರ ಕೊಡುವ ಊರೇ ಕಣ್ಣಿಗೆ ಬೀಳುತ್ತದೆ.