ಮೂಳೆಯ ಮಾತ್ರೆ ಶುರು ಮಾಡುವ ಮೊದಲು

ಬಚ್ಚಲುಮನೆಯಲ್ಲಿ ಕಾಲು ಜಾರಿ, ಕೈಯೂರಿ ಬಿದ್ದು ಮಣಿಕಟ್ಟು ಮುರಿದುಕೊಂಡ ಹೆಂಗಸಿಗೆ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಸಿಗುವುದು ಪ್ಲಾಸ್ಟರ್, ಒಂದಷ್ಟು ಕ್ಯಾಲ್ಸಿಯಂ ಮಾತ್ರೆ ಮತ್ತು ‘ಹುಷಾರಾಗಿ ಓಡಾಡಿ’ ಎಂಬ ಬುದ್ಧಿಮಾತು. ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ ಮೂಳೆ ಯಾಕೆ ಮುರಿಯಿತು ಎಂದು ಕೇಳುವವರು ಕಡಿಮೆ. ಮುಟ್ಟು ನಿಂತ ಹೆಣ್ಣುಮಕ್ಕಳ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ನಮ್ಮ ಮೂಳೆ ಒಮ್ಮೆ ಬೆಳೆದು ಸುಮ್ಮನೆ ನಿಂತುಬಿಡುವುದಿಲ್ಲ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಜೀವನವಿಡೀ ಕೆಲಸ ಮಾಡುತ್ತಲೇ ಇರುತ್ತವೆ. ಕರಗಿಸುವ ಕೋಶಗಳನ್ನು ಹತೋಟಿಯಲ್ಲಿಡುವುದು ಈಸ್ಟ್ರೊಜೆನ್ ಹಾರ್ಮೋನು. ಮುಟ್ಟು ನಿಂತಾಗ ಅದು ಇಳಿಯುತ್ತದೆ, ಕರಗುವುದು ಹೆಚ್ಚಾಗಿ ಕಟ್ಟುವುದು ಹಿಂದೆ ಬೀಳುತ್ತದೆ. ಬಿಸ್ಫಾಸ್ಫೊನೇಟ್ ಎಂಬ ಗುಂಪಿನ ಔಷಧಗಳು ಮೂಳೆಯ ಖನಿಜಕ್ಕೆ ಅಂಟಿಕೊಳ್ಳುತ್ತವೆ. ಆ ಜಾಗವನ್ನು ಕರಗಿಸಲು ಬಂದ ಕೋಶ ಔಷಧವನ್ನೂ ಹೀರಿಕೊಂಡು ಸುಸ್ತಾಗುತ್ತದೆ. ಹೀಗೆ ಅಂಟಿಕೊಂಡ ಔಷಧ ವರ್ಷಗಟ್ಟಲೆ ಮೂಳೆಯೊಳಗೇ ಉಳಿಯುತ್ತದೆ. ಈ ಒಂದು ಸಂಗತಿ ನೆನಪಿದ್ದರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಯಾರಿಗೆ ಈ ಔಷಧ ಬೇಕು? ಮಣಿಕಟ್ಟು ಮುರಿದ 64 ವರ್ಷದ ಒಬ್ಬ ಗೃಹಿಣಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಡೆಕ್ಸಾ ಸ್ಕ್ಯಾನ್‌ನಲ್ಲಿ ಆಕೆಯ ಟಿ-ಸ್ಕೋರ್ ಮೈನಸ್ 2.2 ಬಂತು ಎನ್ನಿ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿಳಿದರೆ ಆಸ್ಟಿಯೊಪೊರೋಸಿಸ್. ‘ನಿಮಗೆ ಇನ್ನೂ ಅಷ್ಟಾಗಿಲ್ಲ’ ಎಂದು ಹೇಳಿ ಕಳಿಸಿಬಿಡಬಹುದಾದ ಅಂಕಿ ಅದು. ಆದರೆ ಗೋಡೆಗೆ ನಿಲ್ಲಿಸಿ ಅಳೆದರೆ ವಯಸ್ಸಿನಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆ. ಬೆನ್ನಿನ ಎಕ್ಸ್-ರೇ ತೆಗೆಸಿದರೆ ಒಂದು ಕಶೇರು ಮುಂಭಾಗದಲ್ಲಿ ಕುಸಿದು ಓರೆಯಾಗಿದೆ. ಅದು ಯಾವಾಗ ಮುರಿಯಿತೆಂದು ಆಕೆಗೇ ಗೊತ್ತಿಲ್ಲ. ವಯಸ್ಸಾದ ಮೇಲೆ ಬರುವ ಬೆನ್ನುನೋವು ಎಂದುಕೊಂಡಿದ್ದರು. ಬೆನ್ನೆಲುಬು ಅಥವಾ ಸೊಂಟದ ಮೂಳೆ ಸಣ್ಣ ಪೆಟ್ಟಿಗೆ ಮುರಿದಿದ್ದರೆ ಸ್ಕ್ಯಾನಿನ ಅಂಕಿ ಎಷ್ಟೇ ಇರಲಿ, ಔಷಧ ಬೇಕು. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಸಾಧ್ಯತೆಯೇ ಹೆಚ್ಚು.

ಹಾಗೆಂದು ಟಿ-ಸ್ಕೋರ್ ಮೈನಸ್ 1ರಿಂದ ಮೈನಸ್ 2.5ರ ನಡುವೆ ಇರುವವರೆಲ್ಲ ಮಾತ್ರೆ ನುಂಗಬೇಕಿಲ್ಲ. ಮೂಳೆ ಮುರಿಯದೆ, ಅಂಕಿ ಮಾತ್ರ ಕಡಿಮೆ ಇರುವ 55 ವರ್ಷದವರಿಗೆ ಬಹಳಷ್ಟು ಸಲ ಔಷಧ ಬೇಕಾಗುವುದಿಲ್ಲ. ಇಂಥವರಿಗೆ ವೈದ್ಯರು ‘ಫ್ರಾಕ್ಸ್’ ಎಂಬ ಲೆಕ್ಕಾಚಾರ ಬಳಸುತ್ತಾರೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದು ವಯಸ್ಸು, ತೂಕ, ತಂದೆತಾಯಿಗೆ ಸೊಂಟ ಮುರಿದದ್ದು, ಸ್ಟಿರಾಯ್ಡ್ ಸೇವನೆ ಮುಂತಾದವನ್ನು ಕೂಡಿಸಿ, ಮುಂದಿನ ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಎಷ್ಟೆಂದು ಹೇಳುತ್ತದೆ. ಭಾರತದವರಿಗೆ ಅದರಲ್ಲಿ ಪ್ರತ್ಯೇಕ ಲೆಕ್ಕವೇ ಇದೆ.

ನಮ್ಮ ಗೃಹಿಣಿಗೆ ಔಷಧ ಬೇಕೆಂದಾಯಿತು. ಆದರೆ ಅಂದೇ ಶುರು ಮಾಡುವಂತಿಲ್ಲ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆ ಬಂದಿದೆ. ನಮ್ಮ ದೇಶದಲ್ಲಿ ಇದು ಅಪರೂಪವಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ದೇಹ ಮೂಳೆಯಿಂದ ತೆಗೆದು ಸರಿದೂಗಿಸಿಕೊಳ್ಳುತ್ತದೆ. ಈ ಔಷಧ ಆ ದಾರಿಯನ್ನೇ ಮುಚ್ಚುತ್ತದೆ. ಕೊರತೆ ಇದ್ದಾಗಲೇ ಔಷಧ ಕೊಟ್ಟರೆ ಕ್ಯಾಲ್ಸಿಯಂ ಕುಸಿದು ಬೆರಳು, ಬಾಯಿಯ ಸುತ್ತ ಜುಮ್ಮೆನ್ನಬಹುದು, ಕೈಕಾಲು ಸೆಟೆದುಕೊಳ್ಳಬಹುದು. ಆದ್ದರಿಂದ ವಾರಕ್ಕೊಂದರಂತೆ 60,000 ಯೂನಿಟ್‌ನ ವಿಟಮಿನ್ ಡಿ ಕೆಲವು ವಾರ ಕೊಟ್ಟು ಕೊರತೆ ತುಂಬಿಸಿಕೊಳ್ಳುವುದು ರೂಢಿ. ಕ್ರಿಯಾಟಿನಿನ್ ನೋಡುವುದು ಮೂತ್ರಪಿಂಡಕ್ಕಾಗಿ. ಅದರ ಶಕ್ತಿ ಬಹಳ ಕುಗ್ಗಿದ್ದವರಿಗೆ ಬಿಸ್ಫಾಸ್ಫೊನೇಟ್ ಕೊಡುವುದಿಲ್ಲ.

ಇನ್ನೊಂದು ಭೇಟಿ ಹಲ್ಲಿನ ವೈದ್ಯರಿಗೆ. ಈ ಔಷಧ ತೆಗೆದುಕೊಳ್ಳುವವರಲ್ಲಿ ತೀರಾ ವಿರಳವಾಗಿ, ಹಲ್ಲು ಕೀಳಿಸಿದ ಜಾಗ ಮಾಯದೆ ದವಡೆಯ ಮೂಳೆ ಹೊರಗೆ ಕಾಣುವ ತೊಂದರೆ ಬರುತ್ತದೆ. ಅಲುಗಾಡುವ ಹಲ್ಲಿದ್ದರೆ ಮೊದಲೇ ಕೀಳಿಸಿ, ಗಾಯ ಮಾದ ಮೇಲೆ ಔಷಧ ಶುರು ಮಾಡುವುದು ಒಳ್ಳೆಯದು.

ಹೆಚ್ಚಿನವರಿಗೆ ಮೊದಲು ಬರೆಯುವುದು ವಾರಕ್ಕೊಮ್ಮೆ ನುಂಗುವ 70 ಮಿಲಿಗ್ರಾಂ ಅಲೆಂಡ್ರೊನೇಟ್ ಮಾತ್ರೆ. ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ. ಜೊತೆಗೆ ಕಾಫಿಯೋ ಹಾಲೋ ತಿಂಡಿಯೋ ಹೋದರೆ ಅಷ್ಟೂ ದಕ್ಕದು. ನಮ್ಮ ಮನೆಗಳಲ್ಲಿ ಹಲವರು ಸೋಲುವುದು ಇಲ್ಲೇ, ಎದ್ದ ತಕ್ಷಣ ಕಾಫಿ ಆಗಲೇಬೇಕು. ಹಾಗಾಗಿ ಒಂದು ವಾರ ಗೊತ್ತು ಮಾಡಿಕೊಳ್ಳಿ, ಭಾನುವಾರ ಎನ್ನಿ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟದ ತುಂಬ ಬರಿ ನೀರಿನೊಂದಿಗೆ ಮಾತ್ರೆ ನುಂಗಬೇಕು, ಜಗಿಯಬಾರದು. ಅರ್ಧ ಗಂಟೆ ಬೇರೇನೂ ಬಾಯಿಗೆ ಹಾಕಬಾರದು, ಮಲಗಲೂಬಾರದು. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ನಿಂತು ಹುಣ್ಣು ಮಾಡುತ್ತದೆ. ಕ್ಯಾಲ್ಸಿಯಂ ಮಾತ್ರೆ ಮಧ್ಯಾಹ್ನದ ಊಟದ ಜೊತೆಗಿರಲಿ. ನುಂಗುವಾಗ ನೋವು, ಹೊಸದಾಗಿ ಎದೆಯುರಿ ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಅನ್ನನಾಳದ ತೊಂದರೆ ಇರುವವರಿಗೆ, ಅರ್ಧ ಗಂಟೆ ನೆಟ್ಟಗೆ ಕೂರಲಾಗದವರಿಗೆ ಇದೇ ಗುಂಪಿನ ಝೊಲೆಡ್ರೋನಿಕ್ ಆಸಿಡ್ ಇದೆ. ವರ್ಷಕ್ಕೊಮ್ಮೆ ಡ್ರಿಪ್ ಮೂಲಕ 5 ಮಿಲಿಗ್ರಾಂ. ಮೊದಲ ಸಲ ಹಾಕಿಸಿಕೊಂಡಾಗ ಒಂದೆರಡು ದಿನ ಜ್ವರ, ಮೈಕೈ ನೋವು ಅನೇಕರಿಗೆ ಬರುತ್ತದೆ. ಪ್ಯಾರಸಿಟಮಾಲ್‌ಗೆ ಇಳಿಯುತ್ತದೆ, ಹೆದರಬೇಕಿಲ್ಲ.

ಹೆದರಿಕೆ ಹುಟ್ಟಿಸುವ ಇನ್ನೊಂದು ಮಾತಿದೆ. ದೀರ್ಘಕಾಲ ತೆಗೆದುಕೊಂಡವರಲ್ಲಿ ಕೆಲವರಿಗೆ ತೊಡೆಯ ಮೂಳೆಯೇ ಅಡ್ಡಡ್ಡ ಬಿರುಕು ಬಿಡುತ್ತದೆ. ಇದು ಸುಳ್ಳಲ್ಲ, ಏಷ್ಯಾ ಮೂಲದ ಹೆಂಗಸರಲ್ಲಿ ಹೆಚ್ಚು. ದಕ್ಷಿಣ ಕ್ಯಾಲಿಫೋರ್ನಿಯಾದ ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಅಂದಾಜು ಹೀಗಿದೆ: ಏಷ್ಯಾ ಮೂಲದ 10,000 ಮಹಿಳೆಯರು ಮೂರು ವರ್ಷ ಔಷಧ ತೆಗೆದುಕೊಂಡರೆ 91 ಸೊಂಟದ ಮುರಿತಗಳು ತಪ್ಪುತ್ತವೆ, ತೊಡೆಯ ಈ ವಿಚಿತ್ರ ಮುರಿತ 8 ಜನರಿಗೆ ಬರುತ್ತದೆ. ನಿಜಕ್ಕೂ ಅಗತ್ಯವಿರುವವರಿಗೆ ಲಾಭದ ತಟ್ಟೆಯೇ ತೂಗುತ್ತದೆ. ಆದರೆ ವರ್ಷ ಹೆಚ್ಚಿದಂತೆ ಅಪಾಯವೂ ಏರುತ್ತದೆ. ಔಷಧ ಮೂಳೆಯಲ್ಲಿ ಉಳಿಯುವುದರಿಂದ ಬಿಡುವು ಕೊಡಲು ಅವಕಾಶವಿದೆ: ಮಾತ್ರೆಯಾದರೆ ಐದು ವರ್ಷ, ಡ್ರಿಪ್ ಆದರೆ ಮೂರು ವರ್ಷ ಕಳೆದ ಮೇಲೆ ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂದು ಮತ್ತೆ ಲೆಕ್ಕ ಹಾಕಬೇಕು. ನಮ್ಮ ಗೃಹಿಣಿಯಂತೆ ಬೆನ್ನೆಲುಬು ಕುಸಿದವರಿಗೆ ಇನ್ನಷ್ಟು ವರ್ಷ ಬೇಕಾಗಬಹುದು. ಈ ನಡುವೆ ತೊಡೆಯಲ್ಲೋ ತೊಡೆಸಂದಿಯಲ್ಲೋ ವಾರಗಟ್ಟಲೆ ನೋವು ನಿಂತರೆ ಎಕ್ಸ್-ರೇ ತೆಗೆಸಲೇಬೇಕು. ಪೂರ್ತಿ ಮುರಿಯುವ ಮುನ್ನ ಬಹಳ ಸಲ ಆ ನೋವೇ ಸೂಚನೆ.

ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದು ಈ ಗುಂಪಿಗೆ ಸೇರಿದ್ದಲ್ಲ. ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುತ್ತಾರೆ, ಮೂತ್ರಪಿಂಡ ದುರ್ಬಲವಾದವರಿಗೂ ಕೊಡಬಹುದು (ಅಂಥವರಲ್ಲಿ ಕ್ಯಾಲ್ಸಿಯಂ ಕುಸಿಯದಂತೆ ವಿಶೇಷ ನಿಗಾ ಬೇಕು), ಹೊಟ್ಟೆಯ ಕಿರಿಕಿರಿ ಇಲ್ಲ. ಆದರೆ ಇದು ಮೂಳೆಗೆ ಅಂಟಿಕೊಳ್ಳುವುದಿಲ್ಲ. ಸರದಿ ತಪ್ಪಿದರೆ ಅಷ್ಟು ದಿನ ತಡೆದಿಟ್ಟಿದ್ದ ಸವೆತ ಒಮ್ಮೆಲೇ ನುಗ್ಗಿ, ಕೆಲವರಲ್ಲಿ ಒಂದರ ಹಿಂದೊಂದು ಕಶೇರು ಕುಸಿಯುತ್ತದೆ. ಇದನ್ನು ನಿಲ್ಲಿಸುವಾಗ ಬಿಸ್ಫಾಸ್ಫೊನೇಟ್ ಕೊಟ್ಟು ಕಾಯಬೇಕಾಗುತ್ತದೆ. ನಿಮಗೆ ಡೆನೊಸುಮ್ಯಾಬ್ ಸೂಚಿಸಿದರೆ ‘ಇದನ್ನು ಎಷ್ಟು ವರ್ಷ ಕೊಡುತ್ತೀರಿ, ನಿಲ್ಲಿಸಿದ ಮೇಲೆ ಯಾವ ಔಷಧ?’ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಉತ್ತರ ಸಿಗುವವರೆಗೆ ಮೊದಲ ಚುಚ್ಚುಮದ್ದು ಹಾಕಿಸಿಕೊಳ್ಳಬೇಡಿ.